ಸಂಖ್ಯೆ ಒಂದೇ, ಪಠ್ಯ ಎರಡು

ನನ್ನ ಮೇಜಿಗೆ ಬರುವ ಪರೀಕ್ಷಾ ವರದಿಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ‘ಎಳೆತ ಪರೀಕ್ಷೆಯನ್ನು ASTM E8/E8M ಅನ್ವಯ ನಡೆಸಲಾಗಿದೆ.’ ASTM ಎಂಬುದು ಮಾನಕಗಳನ್ನು ಪ್ರಕಟಿಸುವ ಅಮೆರಿಕದ ಸಂಸ್ಥೆ, E8/E8M ಲೋಹವನ್ನು ಎಳೆದು ಮುರಿಯುವ ಪರೀಕ್ಷೆಗೆ ಅದು ಕೊಟ್ಟ ಮಾನಕ. ಬರೆದವರಿಗೆ ಅಷ್ಟರಿಂದಲೇ ಕೆಲಸ ಮುಗಿದ ನೆಮ್ಮದಿ. ಆದರೆ ಈ ಸಾಲೊಂದನ್ನೇ ನಂಬಿ ಅದೇ ಪರೀಕ್ಷೆಯನ್ನು ಇನ್ನೊಬ್ಬರು ಮತ್ತೆ ಮಾಡಲು ಹೊರಟರೆ ಬೇರೆಯೇ ಉತ್ತರ ಬರಬಹುದು. ಬಂದದ್ದನ್ನು ನಾನೇ ನೋಡಿದ್ದೇನೆ.

ಉಕ್ಕಿನ ಸರಳುಗಳ ಒಂದು ಸರಕಿನ ವಿಷಯ. ಮುರಿಯುವ ಮುನ್ನ ಲೋಹ ಕನಿಷ್ಠ ಶೇ 24ರಷ್ಟು ಹಿಗ್ಗಬೇಕು ಎಂದು ಕರಾರಿನಲ್ಲಿತ್ತು. ಪೂರೈಸಿದವರ ವರದಿಯಲ್ಲಿ ಶೇ 25, ಕೊಂಡವರು ಮಾಡಿಸಿದ ಪರೀಕ್ಷೆಯಲ್ಲಿ ಶೇ 23. ಎರಡೂ ವರದಿಗಳಲ್ಲಿ ಮೇಲಿನ ಸಾಲು ಅಕ್ಷರಶಃ ಹಾಗೆಯೇ ಇತ್ತು. ಪ್ರಯೋಗಾಲಯ ಸುಳ್ಳು ಬರೆದಿದೆ ಎಂದು ಒಬ್ಬರು, ಯಂತ್ರ ಕೆಟ್ಟಿದೆ ಎಂದು ಇನ್ನೊಬ್ಬರು. ಪತ್ರಗಳು ಹೋದವು, ಪತ್ರಗಳು ಬಂದವು. ಸರಕು ಗೋದಾಮಿನಲ್ಲೇ ಉಳಿಯಿತು.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆ ಮಾನಕದ ಹೆಸರಿನಲ್ಲಿರುವ ಓರೆಗೆರೆಯನ್ನು ಗಮನಿಸಿ. E8 ಮತ್ತು E8M ಒಂದೇ ರಟ್ಟಿನೊಳಗೆ ಅಚ್ಚಾಗುವ ಎರಡು ಮಾನಕಗಳು. ಹೆಚ್ಚಿನ ಸಂಗತಿಗಳಲ್ಲಿ ಎರಡೂ ಒಂದೇ. ದುಂಡು ಮಾದರಿಗಳ ವಿಷಯದಲ್ಲಿ ಮಾತ್ರ ದಾರಿ ಕವಲೊಡೆಯುತ್ತದೆ: E8ರಲ್ಲಿ ಗೇಜ್ ಉದ್ದ ವ್ಯಾಸದ ನಾಲ್ಕು ಪಟ್ಟು, E8Mನಲ್ಲಿ ಐದು ಪಟ್ಟು. ಗೇಜ್ ಉದ್ದ ಎಂದರೆ ಮಾದರಿಯ ಮೇಲೆ ಪರೀಕ್ಷೆಗೆ ಮೊದಲೇ ಗುರುತು ಹಾಕಿಕೊಂಡ ಎರಡು ಚುಕ್ಕಿಗಳ ನಡುವಿನ ಅಂತರ. ಮಾದರಿ ಮುರಿದ ಮೇಲೆ ತುಂಡುಗಳನ್ನು ಜೋಡಿಸಿ ಆ ಅಂತರ ಎಷ್ಟು ಬೆಳೆದಿದೆ ಎಂದು ಅಳೆಯುತ್ತೇವೆ.

ಇಲ್ಲಿ ಉದ್ದಕ್ಕೇಕೆ ಇಷ್ಟು ಬೆಲೆ? ಲೋಹ ಎರಡು ಬಗೆಯಲ್ಲಿ ಹಿಗ್ಗುತ್ತದೆ. ಮೊದಲು ಇಡೀ ಸರಳು ಸಮನಾಗಿ ಉದ್ದವಾಗುತ್ತದೆ. ನಂತರ ಒಂದು ಕಡೆ ಮಾತ್ರ ತೆಳ್ಳಗಾಗಿ, ಕತ್ತು ಮೂಡಿ, ಅಲ್ಲೇ ಮುರಿಯುತ್ತದೆ. ಕತ್ತಿನ ಬಳಿಯ ಹಿಗ್ಗು ಗೇಜ್ ಉದ್ದ ಎಷ್ಟೇ ಇದ್ದರೂ ಬಹುಮಟ್ಟಿಗೆ ಅಷ್ಟೇ. ಲೆಕ್ಕ ಹಾಕಿ ನೋಡೋಣ. ವ್ಯಾಸ 12.5 ಮಿ.ಮೀ., ಸಮನಾದ ಹಿಗ್ಗು ಶೇ 15, ಕತ್ತಿನಿಂದ ಬಂದ ಹೆಚ್ಚುವರಿ 5 ಮಿ.ಮೀ. ಎಂದಿಟ್ಟುಕೊಳ್ಳಿ. ಗೇಜ್ ಉದ್ದ ನಾಲ್ಕು ಪಟ್ಟಾದರೆ 50 ಮಿ.ಮೀ.; ಒಟ್ಟು ಹಿಗ್ಗು 7.5 ಮತ್ತು 5 ಸೇರಿ 12.5 ಮಿ.ಮೀ., ಅಂದರೆ ಶೇ 25. ಐದು ಪಟ್ಟಾದರೆ 62.5 ಮಿ.ಮೀ.; ಹಿಗ್ಗು ಸುಮಾರು 9.4 ಮತ್ತು 5 ಸೇರಿ 14.4 ಮಿ.ಮೀ., ಅಂದರೆ ಶೇ 23. ಸರಳು ಅದೇ, ಮಾನಕದ ಸಂಖ್ಯೆಯೂ ಅದೇ. ಒಂದು ವರದಿಯಲ್ಲಿ ಪಾಸು, ಇನ್ನೊಂದರಲ್ಲಿ ನಪಾಸು.

ಶೇ 24ರ ಮಿತಿ ಯಾವ ಗೇಜ್ ಉದ್ದಕ್ಕೆ ಎಂದು ಕರಾರು ಬರೆದವರೂ ಹೇಳಿರಲಿಲ್ಲ. ಆ ಜಗಳ ಬೇರೆ. ವರದಿ ಬರೆಯುವವರ ಪಾಲಿನ ಕೆಲಸ ಹೀಗಿರಬೇಕಿತ್ತು: ‘ಎಳೆತ ಪರೀಕ್ಷೆ: ASTM E8/E8M-22, ದುಂಡು ಮಾದರಿ, ವ್ಯಾಸ 12.5 ಮಿ.ಮೀ., ಗೇಜ್ ಉದ್ದ 50 ಮಿ.ಮೀ. (4D).’ ಹೆಚ್ಚಿಗೆ ಬೇಕಾದದ್ದು ಏಳೆಂಟು ಪದ. ಮಾನಕ ಎಲ್ಲೆಲ್ಲಿ ಆಯ್ಕೆಯನ್ನು ನಮಗೆ ಬಿಟ್ಟಿದೆಯೋ ಅಲ್ಲಲ್ಲಿ ನಾವು ಆರಿಸಿದ್ದೇನು ಎಂಬುದು ಉಲ್ಲೇಖದ ಭಾಗವೇ. ಲೋಹಗಳ ಎಳೆತ ಪರೀಕ್ಷೆಗೇ ಇರುವ ಐಎಸ್‌ಒ ಮಾನಕ `ISO 6892-1:2019` ಇದಕ್ಕೊಂದು ಚುಟುಕು ಗುರುತನ್ನೇ ಕೊಟ್ಟಿದೆ. A224 ಎಂದು ಬರೆದರೆ ಹಿಗ್ಗಿನ ವೇಗವನ್ನು ಹಿಡಿತದಲ್ಲಿಟ್ಟು ಮಾಡಿದ ಪರೀಕ್ಷೆ, ಮೂರು ಅಂಕಿಗಳು ಮೂರು ಹಂತಗಳಲ್ಲಿ ಬಳಸಿದ ವೇಗದ ಶ್ರೇಣಿಗಳು. B30 ಎಂದರೆ ಒತ್ತಡವನ್ನು ಸೆಕೆಂಡಿಗೆ 30 ಮೆಗಾಪಾಸ್ಕಲ್ ದರದಲ್ಲಿ ಏರಿಸಿದ್ದು. ಇಷ್ಟು ಅಂದವಾದ ಸೌಕರ್ಯವಿದ್ದೂ ಬಳಸುವವರು ಕಡಿಮೆ ಎಂಬುದು ನನ್ನ ಹಳೆಯ ಗೊಣಗಾಟ.

ಇನ್ನು ವರ್ಷ. E8/E8M-22ರಲ್ಲಿ ಕೊನೆಯ 22 ಎಂದರೆ 2022ರ ಆವೃತ್ತಿ. -16a ಎಂದಿದ್ದರೆ 2016ರಲ್ಲೇ ಎರಡನೆಯ ಬಾರಿ ತಿದ್ದಿದ್ದು. ಆ ಪುಟ್ಟ ‘a’ ಬಿಟ್ಟುಹೋದರೆ ಬೇರೆ ಪಠ್ಯವನ್ನು ಹೆಸರಿಸಿದಂತಾಯಿತು. ಆವರಣದಲ್ಲಿ ಇನ್ನೊಂದು ವರ್ಷ ಇದ್ದರೆ ಅದು ಪಠ್ಯ ಬದಲಾಗದೆ ಮರು ಅಂಗೀಕಾರ ಪಡೆದ ವರ್ಷ. ಐಎಸ್‌ಒ ಪದ್ಧತಿ ಸರಳ, ಕೋಲನ್ ಚಿಹ್ನೆಯ ನಂತರದ ನಾಲ್ಕಂಕಿಯೇ ಆವೃತ್ತಿ. 6892-1 ಮೊದಲು 2009ರಲ್ಲಿ, ಬಳಿಕ 2016ರಲ್ಲಿ, ಮತ್ತೆ 2019ರಲ್ಲಿ ಬಂದಿದೆ.

‘ಇತ್ತೀಚಿನ ಆವೃತ್ತಿಯ ಅನ್ವಯ’ ಎಂದು ಬರೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಕರಾರಿನಲ್ಲಿ ಆ ಮಾತಿಗೆ ಅರ್ಥವಿದೆ, ಏಕೆಂದರೆ ಅದು ಮುಂದೆ ಆಗಬೇಕಾದ ಕೆಲಸದ ಕುರಿತದ್ದು. ವರದಿ ಆಗಿಹೋದ ಕೆಲಸದ ಕುರಿತದ್ದು. ಮಾಡಿದ ದಿನ ಕೈಯಲ್ಲಿದ್ದ ಪ್ರತಿ ಯಾವುದೋ ಅದೇ ಬರಬೇಕು, ಅದು ಹಿಂತೆಗೆದ ಆವೃತ್ತಿಯಾಗಿದ್ದರೂ ಸರಿ. ಕರಾರಿನಲ್ಲಿ 2016 ಎಂದಿದ್ದರೆ, ‘ಕರಾರಿನಂತೆ 2016ರ ಆವೃತ್ತಿಯನ್ನು ಅನುಸರಿಸಲಾಗಿದೆ’ ಎಂದು ಒಂದು ವಾಕ್ಯ ಸೇರಿಸಿದರೆ ಮುಗಿಯಿತು. ಕಲಂ ಸಂಖ್ಯೆ ಹೇಳುವಾಗಲಂತೂ ವರ್ಷ ಬೇಕೇ ಬೇಕು. ಮಾನಕ ಬರೆಯುವವರಿಗೆಂದೇ ಇರುವ ಐಎಸ್‌ಒ–ಐಇಸಿ ನಿಯಮಗಳು ಇನ್ನೊಂದು ಮಾನಕದ ಕಲಂ, ಕೋಷ್ಟಕ ಅಥವಾ ಚಿತ್ರವನ್ನು ಉಲ್ಲೇಖಿಸುವಾಗ ವರ್ಷವನ್ನು ಕಡ್ಡಾಯ ಮಾಡಿವೆ. ಆವೃತ್ತಿ ಬದಲಾದಾಗ ಕಲಂಗಳು ಹಿಂದುಮುಂದಾಗುತ್ತವೆ. ವರ್ಷವಿಲ್ಲದ ಕಲಂ ಸಂಖ್ಯೆ ಮನೆ ಬದಲಾಯಿಸಿದವರ ಹಳೆಯ ವಿಳಾಸದಂತೆ.

‘ಅನ್ವಯ’ ಎಂಬ ಪದದ ಬಗ್ಗೆಯೂ ಒಂದು ಮಾತು. ತುಂಡು ಚಿಕ್ಕದಿತ್ತು, ಮಾನಕ ಕೇಳಿದ ಮಾದರಿ ಕಡೆಯಲು ಆಗಲಿಲ್ಲ ಎಂದಾದರೆ ಅದು ‘ಅನ್ವಯ’ ಅಲ್ಲ, ‘ಆಧರಿಸಿ’. ಏನನ್ನು ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಪಕ್ಕದಲ್ಲೇ ಬರೆಯಿರಿ.

ಪೇಟೆಂಟ್ ಉಲ್ಲೇಖದಲ್ಲೂ ರೋಗ ಇದೇ, ಲಕ್ಷಣ ಬೇರೆ. ಘರ್ಷಣೆಯಿಂದ ಲೋಹವನ್ನು ಕಲಸಿ ಬೆಸೆಯುವ ಫ್ರಿಕ್ಷನ್ ಸ್ಟರ್ ವೆಲ್ಡಿಂಗ್ ಬಗ್ಗೆ ಬಂದ ಪ್ರಬಂಧಗಳನ್ನು ತೆರೆಯಿರಿ. ದಿ ವೆಲ್ಡಿಂಗ್ ಇನ್‌ಸ್ಟಿಟ್ಯೂಟ್‌ನ ವೇನ್ ಥಾಮಸ್ ಮತ್ತು ಸಂಗಡಿಗರ ಈ ಆವಿಷ್ಕಾರಕ್ಕೆ ಸಾಮಾನ್ಯವಾಗಿ ಸಿಗುವ ಉಲ್ಲೇಖ ‘GB Patent No. 9125978.8, 1991’. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು, ಅವರನ್ನು ನೋಡಿ ಮತ್ತೊಬ್ಬರು ಬರೆಯುತ್ತ ಬಂದಿದ್ದಾರೆ. ಆದರೆ ಅದು ಪೇಟೆಂಟ್ ಸಂಖ್ಯೆಯೇ ಅಲ್ಲ. ಮೊದಲ 91 ಅರ್ಜಿ ಹಾಕಿದ ವರ್ಷ, 25978 ಆ ವರ್ಷದ ಕ್ರಮಸಂಖ್ಯೆ, ಚುಕ್ಕಿಯ ನಂತರದ 8 ತಾಳೆ ನೋಡುವ ಅಂಕಿ. ಅದು ಅರ್ಜಿ ಸಂಖ್ಯೆ. ಬ್ರಿಟನ್ನಿನಲ್ಲಿ 1977ರ ಕಾಯ್ದೆಯಡಿ ಪ್ರಕಟವಾಗುವ ದಾಖಲೆಗಳಿಗೆ 20 ಲಕ್ಷದಿಂದ ಮೇಲಕ್ಕೆ ಏಳಂಕಿಯ ಬೇರೆಯೇ ಸಂಖ್ಯೆ ಇರುತ್ತದೆ. ಅರ್ಜಿ ಸಂಖ್ಯೆಯನ್ನು ಪ್ರಕಟಣೆಯ ಸಂಖ್ಯೆ ಎಂದುಕೊಂಡು ಹುಡುಕುವ ಓದುಗನಿಗೆ ಪಠ್ಯ ಸಿಗುವುದಿಲ್ಲ.

ಆ ಅರ್ಜಿಯನ್ನು ಆಧಾರವಾಗಿಟ್ಟು ಅಂತರರಾಷ್ಟ್ರೀಯ ಅರ್ಜಿ PCT/GB92/02203 ಸಲ್ಲಿಕೆಯಾಯಿತು. ಅದು 1993ರಲ್ಲಿ `WO 93/10935` ಎಂದು ಪ್ರಕಟವಾಯಿತು. ಅಮೆರಿಕದಲ್ಲಿ 1995ರ ಅಕ್ಟೋಬರ್‌ನಲ್ಲಿ `US 5,460,317` ಮಂಜೂರಾಯಿತು. ವಿಧಾನವನ್ನು ಮೊದಲು ಎಲ್ಲಿ ವಿವರಿಸಿದರು ಎಂದು ತೋರಿಸಬೇಕಿದ್ದರೆ ಡಬ್ಲ್ಯುಒ ಪ್ರಕಟಣೆ ಸಾಕು. ಯಾವುದಕ್ಕೆ ರಕ್ಷಣೆ ಸಿಕ್ಕಿತು ಎಂಬ ಮಾತಾದರೆ ಮಂಜೂರಾದ ಪೇಟೆಂಟನ್ನೇ ಹಿಡಿಯಬೇಕು. 1991 ಎಂಬ ವರ್ಷವನ್ನು ಈ ಎರಡರಲ್ಲಿ ಯಾವುದರ ಪಕ್ಕದಲ್ಲೂ ಪ್ರಕಟಣೆಯ ವರ್ಷವೆಂದು ಹಾಕುವಂತಿಲ್ಲ. ಪೇಟೆಂಟ್‌ನ ಮೊದಲ ಪುಟದಲ್ಲಿ ದಿನಾಂಕಗಳು ಹಲವಿರುತ್ತವೆ, ಪ್ರತಿಯೊಂದಕ್ಕೂ ಆವರಣದಲ್ಲಿ ಒಂದು ಅಂಕಿ: (22) ಅರ್ಜಿ ಹಾಕಿದ ದಿನ, (30) ಆದ್ಯತೆ ಕೋರಿದ ಹಿಂದಿನ ಅರ್ಜಿಯ ವಿವರ, (45) ಮಂಜೂರಾತಿ ಪ್ರಕಟವಾದ ದಿನ. ಭಾಷೆ ಓದಲು ಬಾರದ ಪೇಟೆಂಟ್‌ನಲ್ಲೂ ಈ ಅಂಕಿಗಳು ಕೈಹಿಡಿಯುತ್ತವೆ.

ಸಂಖ್ಯೆಯ ಕೊನೆಯ ಅಕ್ಷರವನ್ನು ಜನ ಬಿಡುವುದೇ ಹೆಚ್ಚು. ಯುರೋಪಿನಲ್ಲಿ ಅರ್ಜಿ ಪ್ರಕಟವಾದಾಗ ಸಿಕ್ಕ ಸಂಖ್ಯೆಯೇ ಮಂಜೂರಾದ ಮೇಲೂ ಮುಂದುವರಿಯುತ್ತದೆ. A1 ಎಂದಿದ್ದರೆ ಕೇಳಿದ್ದು, B1 ಎಂದಿದ್ದರೆ ಕೊಟ್ಟಿದ್ದು. ಯಾವುದಕ್ಕೆ ರಕ್ಷಣೆ ಬೇಕು ಎಂದು ಹೇಳುವ ಕ್ಲೇಮ್‌ಗಳು ನಡುವೆ ಕಿರಿದಾಗಿರುವುದು ಸಾಮಾನ್ಯ. ಅರ್ಜಿಯ ಮೊದಲ ಕ್ಲೇಮ್ ‘200ರಿಂದ 500 ಡಿಗ್ರಿ’ ಎಂದು ಕೇಳಿ, ಮಂಜೂರಾದದ್ದು ‘300ರಿಂದ 350’ ಆಗಿದ್ದರೆ, ಅಕ್ಷರವಿಲ್ಲದ ಉಲ್ಲೇಖವನ್ನು ನಂಬಿದ ವಿನ್ಯಾಸಕಾರ 400 ಡಿಗ್ರಿಯನ್ನು ಸುಮ್ಮನೆ ಕೈಬಿಟ್ಟಾನು. ಅಮೆರಿಕದಲ್ಲಿ ತೊಡಕು ಇನ್ನೊಂದು. 2001ರ ಜನವರಿ 2ರಿಂದ ಅಲ್ಲಿ A1 ಎಂದರೆ ಪ್ರಕಟವಾದ ಅರ್ಜಿ, B1 ಅಥವಾ B2 ಎಂದರೆ ಮಂಜೂರಾದ ಪೇಟೆಂಟ್. ಅದಕ್ಕೂ ಹಿಂದಿನ ಪೇಟೆಂಟ್‌ಗಳನ್ನು ದತ್ತಸಂಚಯಗಳು ಬರಿಯ A ಎಂದು ತೋರಿಸುತ್ತವೆ. ಹಾಗಾಗಿ US 5460317 A ಕಂಡು ‘ಓ, ಇದಿನ್ನೂ ಅರ್ಜಿ’ ಎಂದು ನಮ್ಮ ಕಚೇರಿಯ ಕಿರಿಯರೊಬ್ಬರು ಬರೆದಿದ್ದರು. ಅಂಥ ತಪ್ಪನ್ನು ಹಿಂದೆ ನಾನೂ ಮಾಡಿದ್ದೆನಾದ್ದರಿಂದ ಬೈಯಲಿಲ್ಲ.

ಪುಟ ಸಂಖ್ಯೆಯ ಬದಲು ಅಮೆರಿಕದ ಪೇಟೆಂಟ್‌ಗೆ ಅಂಕಣ ಮತ್ತು ಸಾಲನ್ನು, ಪ್ರಕಟವಾದ ಅರ್ಜಿಗೆ ಪ್ಯಾರಾ ಸಂಖ್ಯೆಯನ್ನು ಕೊಡಿ. ನೀವು ಓದಿದ್ದು ಎರಡರಲ್ಲಿ ಯಾವುದು ಎಂಬುದೂ ಅದರಿಂದಲೇ ತಿಳಿಯುತ್ತದೆ.

ಕೊನೆಯದಾಗಿ, ಪೇಟೆಂಟ್‌ನಿಂದ ಅಂಕಿಸಂಖ್ಯೆ ಎತ್ತಿಕೊಳ್ಳುವವರಿಗೆ. ‘ಈ ವಿಧಾನದಿಂದ ಬಲ ಶೇ 40 ಹೆಚ್ಚುತ್ತದೆ’ ಎಂದು ವರದಿಯಲ್ಲಿ ಬರೆದು ಪಕ್ಕದಲ್ಲಿ ಪೇಟೆಂಟ್ ಸಂಖ್ಯೆ ಹಾಕಿದರೆ ಅದು ಸಾಬೀತಾದ ಸತ್ಯದಂತೆ ಕಾಣುತ್ತದೆ. ಪೇಟೆಂಟ್ ಕಚೇರಿಯ ಪರಿಶೀಲಕರು ಮುಖ್ಯವಾಗಿ ನೋಡುವುದು ಹೊಸತನ ಮತ್ತು ವಿವರಣೆಯ ಸಮರ್ಪಕತೆ. ಅವರು ಪ್ರಯೋಗ ಮಾಡಿ ನೋಡುವುದಿಲ್ಲ. ಅಮೆರಿಕದ ಪೇಟೆಂಟ್‌ಗಳಲ್ಲಿ ಮಾಡದೇ ಇರುವ, ಹೀಗಾಗಬಹುದೆಂದು ಊಹಿಸಿದ ಉದಾಹರಣೆಗಳನ್ನು ಬರೆಯಲೂ ಅವಕಾಶವಿದೆ. ಅವನ್ನು ಭೂತಕಾಲದಲ್ಲಿ ಬರೆಯಬಾರದು ಎಂಬುದಷ್ಟೇ ಕಟ್ಟಳೆ. ಆದ್ದರಿಂದ ಉದಾಹರಣೆಯ ಕ್ರಿಯಾಪದಗಳನ್ನು ನೋಡಿ. ‘ಮಿಶ್ರಣವನ್ನು ಕಾಯಿಸಲಾಯಿತು, ಬಲ ಇಷ್ಟು ಬಂತು’ ಎಂದಿದ್ದರೆ ಯಾರೋ ಕಾಯಿಸಿದ್ದಾರೆ ಎಂದಾಯಿತು. ‘ಕಾಯಿಸಲಾಗುತ್ತದೆ, ಬರುತ್ತದೆ’ ಎಂದಿದ್ದರೆ ಒಲೆಯನ್ನೇ ಹಚ್ಚಿರದೆ ಇರಬಹುದು. ನಿಮ್ಮ ವರದಿಯಲ್ಲಿ ‘ಪೇಟೆಂಟ್ ಅರ್ಜಿದಾರರ ಹೇಳಿಕೆಯಂತೆ’ ಎಂಬ ಮೂರು ಪದ ಸೇರಿಸಿ.