ಕೂದಲಿನ ಮಾತ್ರೆ, ಥೈರಾಯ್ಡ್ ರಿಪೋರ್ಟ್: ಬಯೋಟಿನ್ ಎಲ್ಲಿ ಅಡ್ಡ ಬರುತ್ತದೆ?

ಈ ಪಾಠದಲ್ಲಿ ನಾನು ತುಂಬಾ ಹೊತ್ತು ಒಂದೇ ಕಡೆ ಸಿಕ್ಕಿಕೊಂಡಿದ್ದೆ. ಕೂದಲಿಗೆಂದು ನುಂಗುವ ಬಯೋಟಿನ್ ಎಂಬ ವಿಟಮಿನ್ ರಕ್ತದಲ್ಲಿ ಜಾಸ್ತಿ ಇದ್ದರೆ, ಥೈರಾಯ್ಡ್‌ಗೆ ಕೆಲಸ ಹೇಳುವ ಹಾರ್ಮೋನ್ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ಬರುತ್ತದೆ, ಥೈರಾಯ್ಡ್ ತಾನೇ ಮಾಡುವ ಹಾರ್ಮೋನ್ ಟಿ4ರಲ್ಲಿ ಪ್ರೋಟೀನ್‌ಗೆ ಅಂಟದೆ ಬಿಡಿಯಾಗಿರುವ ಫ್ರೀ ಟಿ4 ಸುಳ್ಳಾಗಿ ಜಾಸ್ತಿ ಬರುತ್ತದೆ. ಅದೇ ರಕ್ತ, ಅದೇ ಮೆಷಿನ್, ತಪ್ಪು ಮಾತ್ರ ಎರಡು ದಿಕ್ಕಿಗೆ! ಬಾಯಿಪಾಠ ಮಾಡಿದರೆ ಪರೀಕ್ಷೆಯ ದಿನ ತಿರುಗುಮುರುಗು ಆಗುತ್ತದೆ. ಮೆಷಿನ್ ಒಳಗೆ ನಡೆಯುವುದನ್ನು ನೋಡಿಕೊಂಡರೆ ಬಾಯಿಪಾಠವೇ ಬೇಡ.

ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್ ಬಯೋಟಿನ್ನನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಎಂದರೆ, ಎಷ್ಟು ತೊಳೆದರೂ ಬಿಡುವುದಿಲ್ಲ. ಈ ಗುಣವನ್ನೇ ಲ್ಯಾಬ್ ಕಿಟ್‌ಗಳಲ್ಲಿ ಬಳಸಿಕೊಂಡಿದ್ದಾರೆ. ಸಣ್ಣ ಕಾಂತದ ಮಣಿಗಳ ಮೈಮೇಲೆಲ್ಲ ಸ್ಟ್ರೆಪ್ಟಾವಿಡಿನ್ ಹಚ್ಚಿರುತ್ತಾರೆ. ಅದನ್ನು ಗೂಟ ಅಂದುಕೊಳ್ಳಿ. ಬಯೋಟಿನ್ ಹಗ್ಗ. ಕಿಟ್‌ನ ಅಣುಗಳು ಹಸುಗಳು. ಹಗ್ಗ ಇರುವ ಹಸು ಗೂಟಕ್ಕೆ ನಿಲ್ಲುತ್ತದೆ, ಇಲ್ಲದ್ದು ತೊಳೆಯುವಾಗ ಹೊರಟುಹೋಗುತ್ತದೆ. ಕೊನೆಗೆ ಗೂಟದಲ್ಲಿ ಉಳಿದದ್ದು ಎಷ್ಟು ಬೆಳಕು ಕೊಡುತ್ತದೆ ಎಂದು ಮೆಷಿನ್ ಅಳೆಯುತ್ತದೆ.

ಟಿಎಸ್‌ಎಚ್ ದೊಡ್ಡ ಅಣು. ಅದನ್ನು ಎರಡು ಆ್ಯಂಟಿಬಾಡಿಗಳು ಎರಡು ಕಡೆಯಿಂದ ಹಿಡಿಯುತ್ತವೆ. ಒಂದಕ್ಕೆ ಹಗ್ಗ, ಇನ್ನೊಂದಕ್ಕೆ ದೀಪ. ಇದೇ ಸ್ಯಾಂಡ್‌ವಿಚ್ ವಿಧಾನ. ಟಿಎಸ್‌ಎಚ್ ಜಾಸ್ತಿ ಇದ್ದಷ್ಟೂ ಬೆಳಕು ಜಾಸ್ತಿ.

ಟಿ4 ಪುಟ್ಟ ಅಣು. ಎರಡು ಆ್ಯಂಟಿಬಾಡಿ ಒಟ್ಟಿಗೆ ಕೂರಲು ಅದರಲ್ಲಿ ಜಾಗವಿಲ್ಲ. ಹಾಗಾಗಿ ಸ್ಪರ್ಧೆ ಹಚ್ಚುತ್ತಾರೆ. ದೀಪ ಇರುವ ಆ್ಯಂಟಿಬಾಡಿ ಮೊದಲು ರೋಗಿಯ ಟಿ4 ಹಿಡಿಯುತ್ತದೆ. ಖಾಲಿ ಉಳಿದ ಆ್ಯಂಟಿಬಾಡಿಗೆ ಕಿಟ್‌ನಲ್ಲಿರುವ, ಹಗ್ಗ ಕಟ್ಟಿದ ಟಿ4 ಅಂಟುತ್ತದೆ. ಗೂಟಕ್ಕೆ ನಿಲ್ಲುವುದು ಈ ಎರಡನೆಯ ಜೋಡಿ ಮಾತ್ರ. ಅಂದರೆ ರೋಗಿಯ ಟಿ4 ಜಾಸ್ತಿ ಇದ್ದಷ್ಟೂ ಬೆಳಕು ಕಡಿಮೆ. ಲೆಕ್ಕ ಇಲ್ಲಿ ಉಲ್ಟಾ.

ಈಗ ರಕ್ತದಲ್ಲಿ ಮಾತ್ರೆಯ ಬಯೋಟಿನ್ ತುಂಬಿಕೊಂಡಿದೆ ಎಂದುಕೊಳ್ಳಿ. ಇವು ಹಸುವಿಲ್ಲದ ಬರೀ ಹಗ್ಗಗಳು. ಸುಮ್ನೆ ಬಂದು ಗೂಟಗಳನ್ನೆಲ್ಲ ಹಿಡಿದುಬಿಡುತ್ತವೆ. ಹಸುಗಳಿಗೆ ಗೂಟ ಸಿಗದೆ ಅವು ನೀರಿನ ಜೊತೆ ಹೋಗುತ್ತವೆ. ಎರಡೂ ಟೆಸ್ಟ್‌ನಲ್ಲಿ ಆಗುವುದು ಇಷ್ಟೇ: ಬೆಳಕು ಕಡಿಮೆಯಾಗುತ್ತದೆ. ಆ ಕಡಿಮೆ ಬೆಳಕನ್ನು ಟಿಎಸ್‌ಎಚ್ ಲೆಕ್ಕ ‘ಹಾರ್ಮೋನ್ ಕಡಿಮೆ’ ಎಂದು ಓದುತ್ತದೆ, ಟಿ4 ಲೆಕ್ಕ ‘ಹಾರ್ಮೋನ್ ಜಾಸ್ತಿ’ ಎಂದು ಓದುತ್ತದೆ.

ಊಟದಲ್ಲಿ ಸಿಗುವ ಬಯೋಟಿನ್‌ನಿಂದ ಹೀಗಾಗುವುದಿಲ್ಲ. ದೊಡ್ಡವರಿಗೆ ದಿನಕ್ಕೆ 30 ಮೈಕ್ರೋಗ್ರಾಂ ಸಾಕು. ಕೂದಲಿಗೆ, ಉಗುರಿಗೆ ಎಂದು ಮಾರುವ ಎಷ್ಟೋ ಮಾತ್ರೆಗಳಲ್ಲಿ 10 ಮಿಲಿಗ್ರಾಂ ಇರುತ್ತದೆ, ಅಂದರೆ 300 ಪಟ್ಟಿಗೂ ಮೇಲೆ.

ಒಂದು ಉದಾಹರಣೆ ಕಟ್ಟಿ ನೋಡೋಣ (ಅಂಕಿಗಳು ನನ್ನವು). 32 ವರ್ಷದ ಹೆಂಗಸು, ಕೂದಲು ಉದುರುತ್ತಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 10 ಮಿಲಿಗ್ರಾಂ ಬಯೋಟಿನ್ ನುಂಗಿ, ಎರಡು ಗಂಟೆ ಬಿಟ್ಟು ರಕ್ತ ಕೊಟ್ಟರು. ಟಿಎಸ್‌ಎಚ್ 0.2, ಫ್ರೀ ಟಿ4 2.3. ಕಾಗದದ ಮೇಲೆ ಥೈರಾಯ್ಡ್ ಅತಿಯಾಗಿದೆ. ಖಾತ್ರಿಗೆಂದು ಟಿಎಸ್‌ಎಚ್ ರಿಸೆಪ್ಟರ್ ಆ್ಯಂಟಿಬಾಡಿ ಟೆಸ್ಟ್ ಮಾಡಿಸಿದರೆ, ಸ್ಪರ್ಧೆಯ ವಿಧಾನದ ಕಿಟ್‌ನಲ್ಲಿ ಅದೂ ಸುಳ್ಳಾಗಿ ಪಾಸಿಟಿವ್ ಬರಬಹುದು. ಮೂರು ಸುಳ್ಳು ಸೇರಿ, ಈ ಆ್ಯಂಟಿಬಾಡಿಯಿಂದ ಥೈರಾಯ್ಡ್ ಅತಿಯಾಗುವ ಗ್ರೇವ್ಸ್ ಕಾಯಿಲೆಯ ಚಿತ್ರ ಸರಿಯಾಗಿ ಕೂತುಬಿಟ್ಟಿತು, ಅಲ್ವಾ? ಆದರೆ ನಾಡಿ 74, ಕೈ ನಡುಕವಿಲ್ಲ, ತೂಕ ಇಳಿದಿಲ್ಲ. ಅನುಮಾನ ಬರಬೇಕಾದದ್ದು ಇಲ್ಲೇ. ಬಯೋಟಿನ್ ಎರಡು ಮೂರು ದಿನ ನಿಲ್ಲಿಸಿ ಮತ್ತೆ ರಕ್ತ ಕೊಟ್ಟಾಗ ಟಿಎಸ್‌ಎಚ್ 2.1, ಟಿ4 1.2. ಎರಡೂ ಸರಿ.

ನನಗೆ ಇದಕ್ಕಿಂತ ಭಯ ಹುಟ್ಟಿಸುವುದು ಕಣ್ಣಿಗೆ ಬೀಳದ ತಪ್ಪು. ಥೈರಾಯ್ಡ್ ಕಡಿಮೆಯಾಗಿ ನಿಜವಾದ ಟಿಎಸ್‌ಎಚ್ 9 ಇರುವವರಿಗೆ ಅದು ಸಹಜವಾದ 3 ಎಂದು ಬಂದರೆ ಯಾರಿಗೂ ಅನುಮಾನ ಬರುವುದಿಲ್ಲ. ಹೃದಯಾಘಾತದಲ್ಲಿ ನೋಡುವ ಟ್ರೋಪೋನಿನ್ ಕೂಡ ಸ್ಯಾಂಡ್‌ವಿಚ್ ಟೆಸ್ಟೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರ ನವೆಂಬರ್‌ನಲ್ಲಿ ಕೊಟ್ಟ ಎಚ್ಚರಿಕೆಯಲ್ಲಿ, ಬಯೋಟಿನ್‌ನಿಂದ ಟ್ರೋಪೋನಿನ್ ತಪ್ಪಾಗಿ ಕಡಿಮೆ ಬಂದು ಒಬ್ಬರು ತೀರಿಕೊಂಡ ವರದಿಯ ಮಾತಿದೆ.

ಎಲ್ಲ ಮೆಷಿನ್‌ಗೂ ಈ ತೊಂದರೆ ಇಲ್ಲ. ಗೂಟ-ಹಗ್ಗ ಬಳಸದ ಕಿಟ್‌ಗಳಿವೆ. ಕಾರ್ಖಾನೆಯಲ್ಲೇ ಹಗ್ಗ ಬಿಗಿದು ಗೂಟ ತುಂಬಿಸಿಟ್ಟ ಕಿಟ್‌ಗಳೂ ಇವೆ. ಹಳೆಯ ಕೆಲವು ಕಿಟ್‌ಗಳನ್ನು ಬದಲಾಯಿಸಿದ್ದಾರೆ. ಗ್ಲೂಕೋಸ್, ಕ್ರಿಯಾಟಿನಿನ್, ಕೊಲೆಸ್ಟ್ರಾಲ್, ರಕ್ತಕಣಗಳ ಎಣಿಕೆಯಲ್ಲಿ ಸಾಮಾನ್ಯವಾಗಿ ಈ ವಿಧಾನವೇ ಇರುವುದಿಲ್ಲ.

ಲ್ಯಾಬ್‌ನಲ್ಲಿ ಹಿಡಿಯುವುದು ಹೇಗೆ? ಅದೇ ರಕ್ತವನ್ನು ಬೇರೆ ವಿಧಾನದ ಮೆಷಿನ್‌ನಲ್ಲಿ ಹಾಕಿ ನೋಡಬಹುದು. ಇಲ್ಲವೇ ಸೀರಮ್ಮನ್ನು ಮೊದಲು ಸ್ಟ್ರೆಪ್ಟಾವಿಡಿನ್ ಮಣಿಗಳ ಜೊತೆ ಕಲಸಿ, ಬರೀ ಹಗ್ಗಗಳನ್ನೆಲ್ಲ ತೆಗೆದುಹಾಕಿ, ಆಮೇಲೆ ಟೆಸ್ಟ್ ಮಾಡಬಹುದು. ಟಿಎಸ್‌ಎಚ್‌ಗೆ ಇನ್ನೊಂದು ಉಪಾಯವಿದೆ. ಸೀರಮ್ಮನ್ನು ಎರಡರಷ್ಟು ತೆಳು ಮಾಡಿ, ಬಂದದ್ದನ್ನು ಎರಡರಿಂದ ಗುಣಿಸಿ. ಮೊದಲಿನ ಅಂಕಿಯೇ ಬಂದರೆ ಬಯೋಟಿನ್ ಇರುವ ಸಾಧ್ಯತೆ ಕಡಿಮೆ. ಅದಕ್ಕಿಂತ ಚೆನ್ನಾಗಿ ಮೇಲೆ ಹೋದರೆ, ತೆಳುವಾದಾಗ ಬಯೋಟಿನ್ ಕಾಟ ತಗ್ಗಿದೆ ಎಂದರ್ಥ. ಫ್ರೀ ಟಿ4ಗೆ ಮಾತ್ರ ಈ ಉಪಾಯ ಬೇಡ. ತೆಳು ಮಾಡಿದರೆ ಪ್ರೋಟೀನ್‌ಗೆ ಅಂಟಿದ ಟಿ4 ಬಿಡಿಸಿಕೊಂಡು ಬರುತ್ತದೆ, ಆಗ ಲೆಕ್ಕವೇ ಕೆಡುತ್ತದೆ.