ಹತ್ತು ವರ್ಷದ ಎರಡು ಬಾಂಡ್, ಎರಡು ಬಗೆಯ ಏರಿಳಿತ: ಝೀರೋ ಕೂಪನ್‌ನ ಒಳಲೆಕ್ಕ

1992ರಲ್ಲಿ ಐಡಿಬಿಐ ಒಂದು ಬಾಂಡ್ ತಂದಿತು. ಇಂದು 2,700 ರೂಪಾಯಿ ಕೊಡಿ, 25 ವರ್ಷದ ನಂತರ 1 ಲಕ್ಷ ತೆಗೆದುಕೊಳ್ಳಿ. ನಡುವೆ ಬಡ್ಡಿ ಇಲ್ಲ. ಮರುವರ್ಷ ಗುಜರಾತಿನ ಸರ್ದಾರ್ ಸರೋವರ್ ನರ್ಮದಾ ನಿಗಮ ಇದೇ ಮಾದರಿಯಲ್ಲಿ 3,600 ರೂಪಾಯಿಗೆ 2014ರಲ್ಲಿ 1,11,000 ಕೊಡುವುದಾಗಿ ಹೇಳಿತು. ಡೀಪ್ ಡಿಸ್ಕೌಂಟ್ ಬಾಂಡ್ ಎಂದು ಆಗ ಹೆಸರಾದ ಇವೆಲ್ಲ ಝೀರೋ ಕೂಪನ್ ಬಾಂಡ್‌ಗಳೇ. ಕೂಪನ್ ಎಂದರೆ ಬಾಂಡ್ ಕಾಲಕಾಲಕ್ಕೆ ಕೊಡುವ ಬಡ್ಡಿ. ಅದು ಸೊನ್ನೆ. ಕೊಳ್ಳುವ ಬೆಲೆಗೂ ಕೊನೆಗೆ ಸಿಗುವ ಮುಖಬೆಲೆಗೂ ಇರುವ ಅಂತರವೇ ಗಳಿಕೆ.

ಜನರ ಮನಸ್ಸಿನಲ್ಲಿ ಉಳಿದದ್ದು ಕೊಡುವ ಮೊತ್ತ ಮತ್ತು ಬರುವ ಮೊತ್ತ, ಈ ಎರಡೇ ಅಂಕಿ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಮಾರಿದ ಹಣವನ್ನು ಸೊಸೈಟಿಯಲ್ಲಿ ಠೇವಣಿ ಇಟ್ಟು ರೂಢಿಯಾದವರಿಗೆ ಇದು ಸಹಜವಾಗಿಯೇ ದೀರ್ಘಾವಧಿ ಠೇವಣಿಯಂತೆ ಕಾಣುತ್ತದೆ. ಆದರೆ ಠೇವಣಿಯ ಪಾಸ್‌ಬುಕ್ಕಿನಲ್ಲಿ ಅಸಲಿಗಿಂತ ಕಡಿಮೆ ಅಂಕಿ ಎಂದೂ ಬೀಳುವುದಿಲ್ಲ. ಬಾಂಡಿಗೆ ಮಾತ್ರ ಪ್ರತಿದಿನ ಒಂದು ಮಾರುಕಟ್ಟೆ ಬೆಲೆ ಇರುತ್ತದೆ. ಅವಧಿಗೆ ಮೊದಲೇ ಮಾರಬೇಕಾದರೆ ಕೈಗೆ ಬರುವುದು ಆ ಬೆಲೆಯೇ. ಝೀರೋ ಕೂಪನ್‌ನಲ್ಲಿ ಆ ಬೆಲೆ ಅಷ್ಟೇ ಅವಧಿಯ ಬಡ್ಡಿ ಕೊಡುವ ಬಾಂಡಿಗಿಂತ ಜೋರಾಗಿ ಏರಿಳಿಯುತ್ತದೆ.

ಹತ್ತು ವರ್ಷದ ಎರಡು ಬಾಂಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಎರಡರ ಮುಖಬೆಲೆಯೂ 1 ಲಕ್ಷ, ಮಾರುಕಟ್ಟೆಯ ಇಳುವರಿ, ಅಂದರೆ ಇಂದಿನ ಬೆಲೆಗೆ ಕೊಂಡವರಿಗೆ ವರ್ಷಕ್ಕೆ ಸಿಗುವ ಗಳಿಕೆಯ ದರ, ಶೇ 7. ಮೊದಲನೆಯದು ವರ್ಷಕ್ಕೊಮ್ಮೆ 7,000 ರೂಪಾಯಿ ಬಡ್ಡಿ ಕೊಡುತ್ತದೆ, ಹಾಗಾಗಿ ಅದರ ಬೆಲೆ ಸರಿಯಾಗಿ 1 ಲಕ್ಷ. ಎರಡನೆಯದು ಝೀರೋ ಕೂಪನ್. ಅದರ ಬೆಲೆಯನ್ನು ಎಕ್ಸೆಲ್‌ನಲ್ಲಿ ಹೀಗೆ ಹಾಕಬಹುದು:

```
=100000/(1+7%)^10
```

ಉತ್ತರ 50,835 ರೂಪಾಯಿ. ಈಗ ಇಳುವರಿ ಶೇ 8ಕ್ಕೆ ಏರಿತು ಎಂದುಕೊಳ್ಳಿ. ಬಡ್ಡಿ ಕೊಡುವ ಬಾಂಡ್ 93,290ಕ್ಕೆ ಇಳಿಯುತ್ತದೆ, ಅಂದರೆ ಶೇ 6.7 ನಷ್ಟ. ಝೀರೋ ಕೂಪನ್ 46,319ಕ್ಕೆ ಇಳಿಯುತ್ತದೆ, ನಷ್ಟ ಶೇ 8.9. ಇಳುವರಿ ಶೇ 6ಕ್ಕೆ ಇಳಿದರೆ ಮೊದಲನೆಯದು ಶೇ 7.4ರಷ್ಟು ಮೇಲೇರಿದರೆ ಎರಡನೆಯದು ಶೇ 9.8ರಷ್ಟು ಏರುತ್ತದೆ.

ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ತಿಳಿಯಲು ಬಡ್ಡಿ ಕೊಡುವ ಬಾಂಡನ್ನು ಬಿಡಿಸಿ ನೋಡಬೇಕು. ಅದು ನಿಜದಲ್ಲಿ ಒಂದು ಬಾಂಡ್ ಅಲ್ಲ, ಹನ್ನೊಂದು ಪುಟ್ಟ ಝೀರೋ ಕೂಪನ್‌ಗಳ ಕಟ್ಟು: ಹತ್ತು ಕಂತಿನ ಬಡ್ಡಿ, ಕೊನೆಯಲ್ಲಿ ಅಸಲು. ಮೊದಲ ವರ್ಷದ 7,000 ರೂಪಾಯಿಗೆ ಶೇ 7ರ ಇಳುವರಿಯಲ್ಲಿ ಇಂದಿನ ಬೆಲೆ 6,542. ಇಳುವರಿ ಶೇ 8 ಆದರೆ ಅದು 6,481. ನಷ್ಟ ಶೇ 1ಕ್ಕೂ ಕಡಿಮೆ, ಏಕೆಂದರೆ ಒಂದೇ ವರ್ಷ ಕಾಯಬೇಕಾದ ಹಣದ ಮೇಲೆ ಹೊಸ ದರ ಒಂದೇ ಸಲ ಕತ್ತರಿ ಹಾಕುತ್ತದೆ. ಐದನೇ ವರ್ಷದ ಕಂತಿನ ನಷ್ಟ ಶೇ 4.5. ಹತ್ತನೇ ವರ್ಷದ ಕಂತಿನದು ಶೇ 8.9. ಹತ್ತು ವರ್ಷದ ಝೀರೋ ಕೂಪನ್‌ನ ನಷ್ಟವೂ ಅಷ್ಟೇ ಇತ್ತೆಂಬುದನ್ನು ಗಮನಿಸಿ. ಅದು ಆಕಸ್ಮಿಕವಲ್ಲ. ಝೀರೋ ಕೂಪನ್‌ನಲ್ಲಿ ಇರುವುದು ಆ ಕೊನೆಯ ತುಂಡು ಮಾತ್ರ. ಬಡ್ಡಿ ಕೊಡುವ ಬಾಂಡಿನ 1 ಲಕ್ಷದಲ್ಲಿ ಕೊನೆಯ ಅಸಲಿನ ಪಾಲು 50,835, ಉಳಿದ 49,165 ಬಡ್ಡಿ ಕಂತುಗಳದ್ದು. ಮೊದಮೊದಲ ಕಂತುಗಳು ಹೆಚ್ಚು ಅಲುಗಾಡದೆ ಇಡೀ ಕಟ್ಟಿನ ಏರಿಳಿತವನ್ನು ತಗ್ಗಿಸುತ್ತವೆ. ಅಡಿಕೆ ತೋಟ ಮತ್ತು ಸಾಗವಾನಿ ನೆಡುತೋಪಿಗೆ ಇರುವ ವ್ಯತ್ಯಾಸವೇ ಇದು: ಒಂದರಲ್ಲಿ ವರ್ಷವರ್ಷವೂ ಸ್ವಲ್ಪ ಹಣ ಮನೆಗೆ ಬಂದಿರುತ್ತದೆ, ಇನ್ನೊಂದರಲ್ಲಿ ಎಲ್ಲವೂ ಮರ ಕಡಿಯುವ ದಿನಕ್ಕೆ ಕಾದಿರುತ್ತದೆ.

ಬಾಂಡಿನ ಹಣ ಸರಾಸರಿ ಎಷ್ಟು ವರ್ಷಕ್ಕೆ ಕೈಸೇರುತ್ತದೆ ಎಂಬ ಅಳತೆಯನ್ನು ಕೆನಡಾ ಮೂಲದ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮೆಕಾಲೆ 1938ರಲ್ಲಿ ರೂಪಿಸಿದರು. ಅದಕ್ಕೆ ಡ್ಯುರೇಷನ್ ಎನ್ನುತ್ತಾರೆ. ಪ್ರತಿ ಕಂತಿನ ವರ್ಷವನ್ನು ಅದರ ಇಂದಿನ ಬೆಲೆಯಿಂದ ತೂಗಿ ಸರಾಸರಿ ತೆಗೆದರೆ ನಮ್ಮ ಬಡ್ಡಿ ಬಾಂಡಿನ ಡ್ಯುರೇಷನ್ ಸುಮಾರು 7.5 ವರ್ಷ. ಝೀರೋ ಕೂಪನ್‌ಗೆ ಲೆಕ್ಕವೇ ಬೇಡ, ಇರುವುದು ಒಂದೇ ಪಾವತಿ, ಹಾಗಾಗಿ ಪೂರಾ 10 ವರ್ಷ. ಇದನ್ನು 1.07ರಿಂದ ಭಾಗಿಸಿದರೆ ಇಳುವರಿ ಶೇಕಡಾ ಒಂದು ಅಂಶ ಬದಲಾದಾಗ ಬೆಲೆ ಶೇಕಡಾ ಎಷ್ಟು ಅಲುಗುತ್ತದೆ ಎಂಬ ಅಂದಾಜು ಸಿಗುತ್ತದೆ: ಒಂದಕ್ಕೆ 7, ಇನ್ನೊಂದಕ್ಕೆ 9.3.

ಅವಧಿ ಉದ್ದವಾದಷ್ಟೂ ಅಂತರ ಹಿಗ್ಗುತ್ತದೆ. ಇದೇ ದರಗಳಲ್ಲಿ 30 ವರ್ಷದ ಬಡ್ಡಿ ಬಾಂಡ್ ಶೇ 11ರಷ್ಟು ಬಿದ್ದರೆ 30 ವರ್ಷದ ಝೀರೋ ಕೂಪನ್ ಶೇ 24ರಷ್ಟು ಬೀಳುತ್ತದೆ, ಎರಡು ಪಟ್ಟಿಗೂ ಹೆಚ್ಚು. ಸರ್ಕಾರ ಅಲ್ಪಾವಧಿ ಸಾಲಕ್ಕೆ ತರುವ 364 ದಿನದ ಟ್ರೆಷರಿ ಬಿಲ್ ಕೂಡ ಝೀರೋ ಕೂಪನ್ನೇ. ಆದರೆ ಅಲ್ಲಿ ಇದೇ ಬದಲಾವಣೆಗೆ ಆಗುವ ನಷ್ಟ ಶೇ 1ರೊಳಗೆ. ಆದ್ದರಿಂದ ಬಡ್ಡಿ ಇಲ್ಲದಿರುವುದನ್ನೇ ಅಪಾಯ ಎನ್ನಲಾಗದು. ಬಡ್ಡಿ ಇಲ್ಲದಿರುವುದೂ ಉದ್ದದ ಅವಧಿಯೂ ಒಟ್ಟಿಗೆ ಸೇರಿದಾಗಲೇ ಬೆಲೆ ಇಷ್ಟು ಅಲುಗುವುದು.

ಬಾಂಡನ್ನು ಹೀಗೆ ತುಂಡು ಮಾಡುವುದು ಬರೀ ಕಾಗದದ ಲೆಕ್ಕವಾಗಿ ಉಳಿಯಲಿಲ್ಲ. ಹಳೆಯ ಬಾಂಡ್ ಪತ್ರಗಳಲ್ಲಿ ಬಡ್ಡಿ ಚೀಟಿಗಳನ್ನು ಮುದ್ರಿಸಿರುತ್ತಿದ್ದರು. ಅವನ್ನು ಕತ್ತರಿಸಿ ಕೊಟ್ಟರೆ ಬಡ್ಡಿ. ಅಮೆರಿಕದಲ್ಲಿ 1982ರಲ್ಲಿ ಮೆರಿಲ್ ಲಿಂಚ್ ಸಂಸ್ಥೆ ಸರ್ಕಾರಿ ಬಾಂಡ್‌ಗಳನ್ನು ಕೊಂಡು ಭದ್ರವಾಗಿ ಇರಿಸಿ, ಒಂದೊಂದು ಬಡ್ಡಿ ಕಂತಿಗೂ ಅಸಲಿಗೂ ಪ್ರತ್ಯೇಕ ರಸೀದಿ ಮಾಡಿ ಮಾರಿತು. 1985ರಲ್ಲಿ ಅಮೆರಿಕದ ಖಜಾನೆಯೇ ಸ್ಟ್ರಿಪ್ಸ್ ಹೆಸರಿನಲ್ಲಿ ಈ ವ್ಯವಸ್ಥೆ ತಂದಿತು. ನಮ್ಮಲ್ಲಿ ಕೇಂದ್ರ ಸರ್ಕಾರ 1994ರಲ್ಲಿ ಝೀರೋ ಕೂಪನ್ ಬಾಂಡ್ ಹರಾಜು ಹಾಕಿತು. ರಿಸರ್ವ್ ಬ್ಯಾಂಕ್ 2010ರ ಏಪ್ರಿಲ್‌ನಲ್ಲಿ ಸ್ಟ್ರಿಪ್ಸ್ ಆರಂಭಿಸಿತು. ಬೇರೆ ಬೇರೆ ಬಾಂಡಿನಿಂದ ಬಂದ ಒಂದೇ ದಿನಾಂಕದ ಕಂತುಗಳು ಒಂದಕ್ಕೊಂದು ಹೊಂದಲಿ ಎಂದು ಜನವರಿ 2 ಮತ್ತು ಜುಲೈ 2ರಂದು ಬಡ್ಡಿ ಬರುವ ಬಾಂಡ್‌ಗಳನ್ನು ಇದಕ್ಕೆ ಆರಿಸಿಕೊಂಡರು. ತುಂಡು ಮಾಡಿಸಲು ಕನಿಷ್ಠ 1 ಕೋಟಿ ರೂಪಾಯಿಯ ಬಾಂಡ್ ಬೇಕೆಂದು ನಿಗದಿಯಾಯಿತು. ಇದು ವಿಮಾ ಕಂಪನಿಗಳಂಥವರ ಮಾರುಕಟ್ಟೆ.

2022ರಲ್ಲಿ ಅಮೆರಿಕದಲ್ಲಿ ಬಡ್ಡಿದರ ವೇಗವಾಗಿ ಏರಿದಾಗ ಈ ಸಿದ್ಧಾಂತ ಕಣ್ಣೆದುರೇ ನಡೆಯಿತು. ದೀರ್ಘಾವಧಿ ಸರ್ಕಾರಿ ಬಾಂಡ್‌ಗಳ ಒಂದು ದೊಡ್ಡ ಇಟಿಎಫ್, ಅಂದರೆ ಷೇರುಪೇಟೆಯಲ್ಲಿ ವಹಿವಾಟಾಗುವ ಹೂಡಿಕೆ ನಿಧಿ, ಆ ವರ್ಷ ಸುಮಾರು ಶೇ 31ರಷ್ಟು ಕಳೆದುಕೊಂಡರೆ, 25 ವರ್ಷ ಮೀರಿದ ಝೀರೋ ಕೂಪನ್‌ಗಳ ಇಟಿಎಫ್ ಸುಮಾರು ಶೇ 41ರಷ್ಟು ಕಳೆದುಕೊಂಡಿತು. ಎರಡೂ ಕಡೆ ಸಾಲಗಾರ ಒಬ್ಬನೇ, ಅಮೆರಿಕ ಸರ್ಕಾರ. ಅದು ಒಂದು ಕಂತನ್ನೂ ತಪ್ಪಿಸಿರಲಿಲ್ಲ.

ಮನೆಯ ಮಟ್ಟದಲ್ಲಿ ಇದು ಹೇಗೆ ತಟ್ಟುತ್ತದೆ? ಶಿರಸಿಯ ಬೆಳೆಗಾರರೊಬ್ಬರು ಚಾಲಿ ಅಡಿಕೆ ಮಾರಿದ ಹಣದಲ್ಲಿ ಮೇಲೆ ಹೇಳಿದ ಝೀರೋ ಕೂಪನ್ ಅನ್ನು 50,835ಕ್ಕೆ ಕೊಂಡರು ಎನ್ನಿ. ಮರುವರ್ಷ ಕೊಳೆ ರೋಗಕ್ಕೆ ಫಸಲು ಹೋಗಿ ಹಣ ಬೇಕಾಯಿತು. ಅಷ್ಟರಲ್ಲಿ ಇಳುವರಿ ಶೇ 8ಕ್ಕೆ ಏರಿದೆ. ಬಾಂಡಿಗೆ ಈಗ ಉಳಿದದ್ದು 9 ವರ್ಷ, ಬೆಲೆ 50,025. ಒಂದು ವರ್ಷ ಕಾದರೂ ಹಾಕಿದ್ದಕ್ಕಿಂತ ಕಡಿಮೆ. ಬಡ್ಡಿ ಬಾಂಡ್ ಕೊಂಡವರಿಗೆ ಅದೇ ದಿನ 93,753 ರೂಪಾಯಿ ಬೆಲೆಯ ಜೊತೆ ಬಂದ 7,000 ಸೇರಿ 1,00,753. ಗಳಿಕೆ ಶೇಕಡಾ ಒಂದೂ ಇಲ್ಲ, ಆದರೆ ಅಸಲು ಉಳಿದಿದೆ. ಇವು ಲೆಕ್ಕದ ಬೆಲೆಗಳು. ಚಿಲ್ಲರೆ ಹೂಡಿಕೆದಾರರು ಮಾರಲು ಹೋದಾಗ ಇಂಥ ಬಾಂಡಿಗೆ ಕೊಳ್ಳುವವರು ವಿರಳ, ಹಾಗಾಗಿ ಸಿಗುವ ಬೆಲೆ ಇನ್ನೂ ಕೆಳಗಿರಬಹುದು.

ಇದೇ ಬಾಂಡನ್ನು ಹತ್ತು ವರ್ಷದ ನಂತರ ಮಗಳ ಕಾಲೇಜಿಗೆಂದು ಕೊಂಡವರಿಗೆ ನಡುವಿನ ಏರಿಳಿತ ಲೆಕ್ಕಕ್ಕಿಲ್ಲ. ಸಾಲಗಾರ ಕೈಕೊಡದಿದ್ದರೆ 1 ಲಕ್ಷ ಖಚಿತ. ಬಡ್ಡಿ ಬಾಂಡ್ ಕೊಂಡವರು ಮಾತ್ರ ಪ್ರತಿ ವರ್ಷದ 7,000ವನ್ನು ಆಗಿನ ದರಕ್ಕೆ ಮತ್ತೆ ಹೂಡಬೇಕು. ದರ ಇಳಿದರೆ ಅವರ ಲೆಕ್ಕ ತಪ್ಪುತ್ತದೆ, ಝೀರೋ ಕೂಪನ್‌ನದು ತಪ್ಪದು. ಕಾರವಾರದಲ್ಲಿ ನಿವೃತ್ತಿಯ ಹಣದ ಬಡ್ಡಿಯಿಂದ ತಿಂಗಳ ಖರ್ಚು ನಡೆಸುವವರಿಗೆ ಇದು ಹೊಂದುವ ಬಾಂಡೇ ಅಲ್ಲ. ನಿಗದಿತ ದಿನಕ್ಕೆ ನಿಗದಿತ ಮೊತ್ತ ಬೇಕಾದವರಿಗೆ ಇದಕ್ಕಿಂತ ನೇರವಾದದ್ದು ಸಿಗುವುದು ಕಷ್ಟ.

ಆದರೆ ಆ ಖಾತರಿಗೆ ಒಂದು ಷರತ್ತಿದೆ. ಬಡ್ಡಿದರ ಇಳಿದು ಬಾಂಡಿನ ಬೆಲೆ ಮೇಲೆ ಹಾರಿದಾಗ ಆ ಲಾಭ ಬರುವುದು ಸಾಲಗಾರನ ಕಿಸೆಯಿಂದ. ನರ್ಮದಾ ನಿಗಮದ ಬಾಂಡಿನಲ್ಲಿ ಅಡಗಿದ್ದ ದರ ವರ್ಷಕ್ಕೆ ಶೇ 18.7. ದೇಶದಲ್ಲಿ ದರಗಳು ಅದರ ಅರ್ಧಕ್ಕೂ ಕೆಳಗೆ ಬಂದ ಮೇಲೆ, 2008ರಲ್ಲಿ ಗುಜರಾತ್ ವಿಧಾನಸಭೆ ಕಾನೂನು ಮಾಡಿ ಅವಧಿಗೆ ಮೊದಲೇ ಬಾಂಡ್ ತೀರಿಸುವ ಅಧಿಕಾರವನ್ನು ನಿಗಮಕ್ಕೆ ಕೊಟ್ಟಿತು. 2009ರ ಜನವರಿಯಲ್ಲಿ ಬಾಂಡಿಗೆ ಕೊಟ್ಟದ್ದು 50,000. 3,600 ರೂಪಾಯಿ ಶೇ 18.7ರಂತೆ 15 ವರ್ಷ ಬೆಳೆದರೆ ಸುಮಾರು 47,000 ಆಗುತ್ತದೆ, ಹಾಗಾಗಿ ಮೇಲ್ನೋಟಕ್ಕೆ ಅನ್ಯಾಯ ಕಾಣುವುದಿಲ್ಲ. ಆದರೆ ಐದು ವರ್ಷದಲ್ಲಿ ಬರಬೇಕಿದ್ದ 1,11,000ಕ್ಕೆ ಶೇ 8ರ ಲೆಕ್ಕದಲ್ಲಿ ಆ ದಿನದ ಬೆಲೆ ಸುಮಾರು 75,500. 15 ವರ್ಷ ಕಾದವರಿಗೆ ಸಲ್ಲಬೇಕಿದ್ದ ಸುಮಾರು 25,500 ಸಲ್ಲಲಿಲ್ಲ, ಮತ್ತು ಕೈಗೆ ಬಂದ 50,000ವನ್ನು ಮತ್ತೆ ಶೇ 18.7ಕ್ಕೆ ಹೂಡುವ ಜಾಗ ಎಲ್ಲೂ ಇರಲಿಲ್ಲ.

ಆದ್ದರಿಂದ ಬಾಂಡಿನ ಪತ್ರದಲ್ಲಿ, ಅವಧಿಗೆ ಮೊದಲೇ ತೀರಿಸುವ ಹಕ್ಕನ್ನು ಸಾಲಗಾರನಿಗೆ ಕೊಡುವ ಕಾಲ್ ಆಪ್ಷನ್ ಎಂಬ ಸಾಲು ಇದೆಯೇ ಎಂದು ಇಳುವರಿಗಿಂತ ಮೊದಲು ನೋಡಬೇಕು. ಅದಿದ್ದರೆ ದರ ಏರಿದಾಗಿನ ನಷ್ಟ ಪೂರ್ತಿ ನಿಮ್ಮದು, ದರ ಇಳಿದಾಗಿನ ಲಾಭಕ್ಕೆ ಮಾತ್ರ ಮಿತಿ. ಇಳುವರಿಯನ್ನು ಹೋಲಿಸುವಾಗ ಅದು ವಾರ್ಷಿಕವೋ ಅರ್ಧವಾರ್ಷಿಕವೋ ಎಂದೂ ಕೇಳಿ. ಸರ್ಕಾರಿ ಬಾಂಡ್‌ಗಳ ಶೇ 7 ಎಂದರೆ ಆರು ತಿಂಗಳಿಗೆ ಶೇ 3.5. ಆ ಲೆಕ್ಕದಲ್ಲಿ ನಮ್ಮ ಹತ್ತು ವರ್ಷದ ಝೀರೋ ಕೂಪನ್‌ಗೆ ಕೊಡಬೇಕಾದದ್ದು 50,835 ಅಲ್ಲ, 50,257.