ಫೋಟೋದಲ್ಲಿರುವ ಆನೆ ಯಾವ ಕಾಯಿ?

ಗೆಳೆಯರೊಬ್ಬರು ಅಂಗಡಿಯೊಂದರಲ್ಲಿ ಕಂಡ ಚದುರಂಗದ ಸೆಟ್ಟಿನ ಫೋಟೋ ಕಳುಹಿಸಿದ್ದರು. ರಾಜಸ್ಥಾನಿ ಶೈಲಿಯ ಕೆತ್ತನೆ, ಒಂದು ಪಡೆಗೆ ಕೆಂಪು, ಇನ್ನೊಂದಕ್ಕೆ ಹಸಿರು ಬಣ್ಣ. ‘ಇದರಲ್ಲಿ ರಾಜ ಯಾರು? ನನಗೆ ಬರೀ ಆನೆಗಳೇ ಕಾಣುತ್ತಿವೆ’ ಎಂಬುದು ಅವರ ಪ್ರಶ್ನೆ. ಅವರು ಹೇಳಿದ್ದು ಸರಿ. ಪ್ರತಿ ಪಡೆಯಲ್ಲೂ ನಾಲ್ಕು ಆನೆಗಳಿದ್ದವು.

ಆನೆಯ ಆಕಾರವನ್ನು ನೋಡಿ ಕಾಯಿಯನ್ನು ಗುರುತಿಸಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ನಮ್ಮಲ್ಲಿ ಆನೆ ನಿಲ್ಲುವುದು ಮೂಲೆಯಲ್ಲಿ, ನಡೆಯುವುದು ನೇರಕ್ಕೆ. ರಷ್ಯನ್ನರಲ್ಲಿ ಆನೆಯ ಹೆಸರು ಹೊತ್ತ ಕಾಯಿ ನಮ್ಮ ಒಂಟೆಯ ಜಾಗದಲ್ಲಿ ನಿಂತು ಓರೆಯಾಗಿ ಚಲಿಸುತ್ತದೆ. ಅವರ ಮೂಲೆಯಲ್ಲಿರುವುದು ದೋಣಿ. ಸ್ಪ್ಯಾನಿಷ್‌ನಲ್ಲಿ ಅದೇ ಓರೆ ಕಾಯಿಗೆ ಅಲ್ಫಿಲ್ ಎನ್ನುತ್ತಾರೆ. ಅದು ಆನೆ ಎಂಬರ್ಥದ ಅರಬ್ಬಿ ಪದದಿಂದ ಬಂದದ್ದು. ಅರಬ್ ನಾಡಿನ ಕುಶಲಕರ್ಮಿಗಳು ಆನೆಯ ಚಿತ್ರಣವನ್ನು ಕೈಬಿಟ್ಟು, ದುಂಡನೆಯ ಕಾಯಿಗೆ ದಂತದ ಗುರುತಾಗಿ ಎರಡು ಮೊನೆಗಳನ್ನು ಮಾತ್ರ ಉಳಿಸಿದರು. ಯುರೋಪಿನವರು ಆ ಎರಡು ಮೊನೆಗಳಲ್ಲಿ ಪಾದ್ರಿಯ ಟೋಪಿಯನ್ನು ಕಂಡು ಬಿಷಪ್ ಎಂದು ಕರೆದಿರಬೇಕು ಎಂಬ ವಿವರಣೆ ಪ್ರಚಲಿತವಾಗಿದೆ. ಅಂದರೆ ಫೋಟೋದಲ್ಲಿ ಆನೆ ಕಂಡಿತು ಎಂಬುದರಿಂದ ಅದು ಹೇಗೆ ನಡೆಯುತ್ತದೆ ಎಂದು ತಿಳಿಯುವುದಿಲ್ಲ.

ಹಾಗಾಗಿ ನಾನು ಮೊದಲು ಎಣಿಸುತ್ತೇನೆ. ಶಿಲ್ಪಿ ಕಾಯಿಗಳಿಗೆ ಎಂಥ ವೇಷ ಹಾಕಿದರೂ ಈಗಿನ ಆಟಕ್ಕೆಂದು ಮಾಡಿದ ಒಂದು ಪಡೆಯಲ್ಲಿ ಎಂಟು ಕಾಯಿಗಳು ಒಂದೇ ಬಗೆಯವು, ಮೂರು ಬಗೆಯವು ಎರಡೆರಡು, ಉಳಿದ ಎರಡು ಒಂಟಿ. ಗೆಳೆಯರ ಫೋಟೋದಲ್ಲಿ ಎಂಟು ಕಾಲಾಳುಗಳು, ಎರಡು ಕುದುರೆಗಳು ಮತ್ತು ಎರಡು ಒಂಟೆಗಳು ತಕ್ಷಣ ಸಿಕ್ಕವು. ಉಳಿದ ನಾಲ್ಕು ಆನೆಗಳಲ್ಲಿ ಒಂದು ಜೋಡಿ ಮತ್ತು ಎರಡು ಒಂಟಿ ಕಾಯಿಗಳು ಇರಲೇಬೇಕು. ದೊಡ್ಡದು ಮಾಡಿ ನೋಡಿದರೆ, ಎರಡು ಆನೆಗಳು ಚಿಕ್ಕವು, ಅವುಗಳ ಮೇಲೆ ಮಾವುತ ಮಾತ್ರ. ಇನ್ನೆರಡು ದೊಡ್ಡವು, ಬೆನ್ನ ಮೇಲೆ ಅಂಬಾರಿ. ಚಿಕ್ಕವು ಮೂಲೆಯ ಆನೆಗಳು. ಅಂಬಾರಿಯಲ್ಲಿ ಕುಳಿತವರು ರಾಜ ಮತ್ತು ಮಂತ್ರಿ.

ಅವರಿಬ್ಬರಲ್ಲಿ ಯಾರು ಯಾರು ಎಂಬುದೇ ಕಷ್ಟದ ಭಾಗ. ಸಾಮಾನ್ಯವಾಗಿ ರಾಜ ತುಸು ಎತ್ತರ, ಆದರೆ ಫೋಟೋದಲ್ಲಿ ಎತ್ತರ ಮೋಸ ಮಾಡುತ್ತದೆ. ಕ್ಯಾಮೆರಾಕ್ಕೆ ಹತ್ತಿರವಿರುವ ಕಾಲಾಳು ಕೂಡ ದೂರದ ರಾಜನಿಗಿಂತ ದೊಡ್ಡದಾಗಿ ಕಾಣಬಹುದು. ಆದ್ದರಿಂದ ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಂತ ಕಾಯಿಗಳನ್ನು ಮಾತ್ರ ಹೋಲಿಸಬೇಕು, ಅದೂ ಅವು ನಿಂತ ಮನೆಯ ಅಗಲದೊಂದಿಗೆ. ಕೆಂಪು ಪಡೆಯಲ್ಲಿ ಒಂದು ಅಂಬಾರಿಗೆ ಮೇಲೊಂದು ಛತ್ರಿಯಿತ್ತು. ಅಷ್ಟಕ್ಕೇ ರಾಜನೆಂದು ತೀರ್ಮಾನಿಸಲಾಗದು. ಕೈಕೆತ್ತನೆಯಲ್ಲಿ ಎರಡು ಕಾಯಿಗಳು ತದ್ರೂಪವಾಗಿರುವುದಿಲ್ಲ, ಛತ್ರಿ ಮುರಿದು ಹೋಗಿರುವುದೂ ಉಂಟು. ಹಸಿರು ಪಡೆಯಲ್ಲೂ ಒಂದೇ ಒಂದು ಅಂಬಾರಿಗೆ ಛತ್ರಿಯಿದ್ದು, ಎರಡೂ ಕಡೆ ಛತ್ರಿಯ ಕಾಯಿಯೇ ಎತ್ತರವಾಗಿದ್ದುದರಿಂದ ಅದು ಉದ್ದೇಶಪೂರ್ವಕ ವ್ಯತ್ಯಾಸ ಎಂದು ಒಪ್ಪಿದೆ.

ಕಾಯಿ ನಿಂತ ಜಾಗದಿಂದಲೇ ಏಕೆ ಹೇಳಬಾರದು ಎಂದು ನೀವು ಕೇಳಬಹುದು. ಅಂಗಡಿಯವರು ಮಣೆಯನ್ನು ಚೆಂದಕ್ಕಾಗಿ ಜೋಡಿಸುತ್ತಾರೆ, ಆಡಲು ಅಲ್ಲ. ನಿಯಮದ ಪ್ರಕಾರ ಆಟಗಾರನ ಬಲಗೈ ಮೂಲೆಯ ಮನೆ ಬಿಳಿಯದಾಗಿರಬೇಕು, ಮಂತ್ರಿ ತನ್ನ ಬಣ್ಣದ ಮನೆಯಲ್ಲಿ ನಿಲ್ಲಬೇಕು. ಈ ಫೋಟೋದಲ್ಲಿ ಬಲಮೂಲೆ ಕಪ್ಪಾಗಿತ್ತು. ಮಣೆಯನ್ನು ಕಾಲು ಸುತ್ತು ತಿರುಗಿಸಿ ಇಟ್ಟರೂ ಹೀಗಾಗುತ್ತದೆ, ಫೋಟೋ ಕನ್ನಡಿಯಂತೆ ತಿರುವಾಗಿದ್ದರೂ ಹೀಗಾಗುತ್ತದೆ. ತಮಾಷೆಯೆಂದರೆ ಎರಡೂ ಸಂದರ್ಭಗಳಲ್ಲಿ ಮಂತ್ರಿ ತನ್ನ ಬಣ್ಣದ ಮನೆಯಲ್ಲೇ ಇರಬಹುದು, ಮಣೆಯನ್ನಷ್ಟೇ ನೋಡಿ ಯಾವುದು ನಿಜವೆಂದು ಹೇಳಲಾಗದು. ನನಗೆ ನೆರವಾದದ್ದು ಹಿಂದಿನ ಗೋಡೆಯ ಬೋರ್ಡು. ಅದರ ಅಕ್ಷರಗಳು ನೆಟ್ಟಗಿದ್ದವು, ಹಾಗಾಗಿ ತಪ್ಪು ಅಂಗಡಿಯವರದೇ.

ಆಟದ ನಡುವೆ ತೆಗೆದ ಫೋಟೋ ಆಗಿದ್ದರೆ ಬೇರೆ ಸಾಕ್ಷಿಗಳು ಸಿಗುತ್ತವೆ. ಓರೆಯಾಗಿ ನಡೆಯುವ ಕಾಯಿ ತಾನು ಹುಟ್ಟಿದ ಬಣ್ಣದ ಮನೆಯನ್ನು ಎಂದೂ ಬಿಡುವುದಿಲ್ಲ. ಒಂದು ಪಡೆಯ ಜೋಡಿಯಲ್ಲಿ ಒಂದು ಬಿಳಿ ಮನೆಗಳಲ್ಲೇ, ಇನ್ನೊಂದು ಕಪ್ಪು ಮನೆಗಳಲ್ಲೇ ಇರುತ್ತದೆ. ಒಂದೇ ಪಡೆಯ ಎರಡು ಆನೆಗಳು ಎರಡೂ ಬಿಳಿ ಮನೆಗಳಲ್ಲಿ ನಿಂತಿದ್ದರೆ, ಆ ಸೆಟ್ಟಿನ ಆನೆ ರಷ್ಯನ್ನರ ಆನೆಯಲ್ಲ ಎಂದು ಬಹುಮಟ್ಟಿಗೆ ಖಚಿತ. ಕೊನೆಯ ಸಾಲು ಮುಟ್ಟಿದ ಕಾಲಾಳನ್ನು ಯಾರಾದರೂ ಆ ಕಾಯಿಯಾಗಿ ಬದಲಿಸಿಕೊಂಡಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ, ಅದು ತೀರಾ ಅಪರೂಪ. ಬಣ್ಣಗಳು ಬೇರೆ ಬೇರೆಯಾಗಿದ್ದರೆ ಮಾತ್ರ ಏನೂ ಸಾಬೀತಾಗುವುದಿಲ್ಲ, ಏಕೆಂದರೆ ಮೂಲೆಯ ಕಾಯಿಗಳೂ ಆಟ ಆರಂಭಿಸುವುದು ಭಿನ್ನ ಬಣ್ಣದ ಮನೆಗಳಿಂದಲೇ.

ಗೆಳೆಯರಿಗೆ ‘ಛತ್ರಿಯ ಕೆಳಗೆ ಕುಳಿತವನು ರಾಜ’ ಎಂದು ಉತ್ತರಿಸಿ, ಕೊಳ್ಳುವುದಾದರೆ ನಾಲ್ಕೂ ಅಂಬಾರಿಗಳನ್ನು ಕೈಯಲ್ಲಿ ಹಿಡಿದು ಅಳೆದು ನೋಡಿ ಎಂದೂ ಸೇರಿಸಿದೆ.